ತಾಯಿಯ ಸಹಿ ಇದೆ, ಮಗಳನ್ನು ಕೇಳಿದಿರಾ?

ಪ್ರಶ್ನೆ: ಪತ್ರಿಕೋದ್ಯಮ ಎಂ.ಎ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಮಂಡ್ಯ ಜಿಲ್ಲೆಯಲ್ಲಿ ಸಾಲದಿಂದ ಆತ್ಮಹತ್ಯೆ ಮಾಡಿಕೊಂಡ ರೈತರೊಬ್ಬರ ಮನೆಯವರ ಮೇಲೆ ನಮ್ಮ ತಂಡ ಪ್ರಾಜೆಕ್ಟಿಗಾಗಿ 20 ನಿಮಿಷದ ಸಾಕ್ಷ್ಯಚಿತ್ರ ಮಾಡುತ್ತಿದೆ. ಅವರ ಹೆಂಡತಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ. 9 ವರ್ಷದ ಮಗಳು ಅಪ್ಪನ ಬಗ್ಗೆ ಕ್ಯಾಮೆರಾ ಮುಂದೆ ಮಾತಾಡಿದರೆ ಚಿತ್ರಕ್ಕೆ ಜೀವ ಬರುತ್ತದೆ ಅಂತ ಗೈಡ್ ಹೇಳುತ್ತಾರೆ. ತಾಯಿಯ ಸಹಿ ಸಾಕಲ್ಲವೇ? ಮಾತಿನ ಮಧ್ಯೆ ಅಳು ಬಂದರೆ ಏನು ಮಾಡಬೇಕು?

ಉತ್ತರ: ಸಾಲದು. ಮಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ತಾಯಿಯ ಸಹಿಯ ಬಗ್ಗೆಯೇ ನನಗೆ ಮೊದಲು ಅನುಮಾನವಿದೆ.

ಆ ಸಹಿ ಹಾಕುವಾಗ ಪಕ್ಕದಲ್ಲಿ ಯಾರಿದ್ದರು? ಮಾವನೋ ಮೈದುನನೋ ಜಗುಲಿಯ ಮೇಲೆ ಕೂತಿದ್ದರೆ, ಗಂಡನನ್ನು ಕಳೆದುಕೊಂಡು ಅದೇ ಮನೆಯಲ್ಲಿ ಬಾಳಬೇಕಾದ ಸೊಸೆ ಅವರೆದುರು ‘ಬೇಡ’ ಅನ್ನುವುದು ಕಷ್ಟ. ಇನ್ನೊಂದು ಸಂಗತಿ. ಇಂಥ ಮನೆಗೆ ಫೈಲು, ಕ್ಯಾಮೆರಾ ಹಿಡಿದು ಬರುವವರನ್ನೆಲ್ಲ ‘ಪರಿಹಾರದ ಕಡೆಯವರು’ ಅಂದುಕೊಳ್ಳುವುದು ಸಹಜ. ರೈತ ಆತ್ಮಹತ್ಯೆ ಪ್ರಕರಣದಲ್ಲಿ ನಮ್ಮ ರಾಜ್ಯ ಸರ್ಕಾರ ಕುಟುಂಬಕ್ಕೆ 5 ಲಕ್ಷ ರೂಪಾಯಿ ಕೊಡುತ್ತದೆ. ಅರ್ಹವೋ ಅಲ್ಲವೋ ಎಂದು ತೀರ್ಮಾನಿಸುವುದು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ. ಅರ್ಜಿ ಇನ್ನೂ ಅಲ್ಲೇ ಇದ್ದರೆ, ನಿಮ್ಮ ಚಿತ್ರದಿಂದ ಅದು ಮುಂದೆ ಹೋಗುತ್ತದೆ ಎಂಬ ಆಸೆಯಿಂದ ಆ ತಾಯಿ ಸಹಿ ಹಾಕಿರಬಹುದು. ನೀವು ಆ ಭರವಸೆ ಕೊಟ್ಟಿರಲಿಕ್ಕಿಲ್ಲ. ಆದರೂ ಅವರು ಒಪ್ಪಿರುವುದು ನಿಮ್ಮ ಚಿತ್ರಕ್ಕಲ್ಲ.

ಇದನ್ನು ಪರೀಕ್ಷಿಸುವುದು ಸುಲಭ. ಕ್ಯಾಮೆರಾ ಇಲ್ಲದೆ ಇನ್ನೊಮ್ಮೆ ಹೋಗಿ. ತಂಡದ ಹೆಣ್ಣುಮಗಳೊಬ್ಬಳು ಅವರೊಬ್ಬರೇ ಇದ್ದಾಗ ಕೂತು, “ಅಕ್ಕಾ, ನಾವು ಬಂದಿದ್ದು ಯಾಕೆ ಅಂತ ನಿಮ್ಮ ತವರಿನವರು ಕೇಳಿದ್ರೆ ಏನಂತೀರಿ?” ಎಂದು ಕೇಳಲಿ. “ಕಾಲೇಜು ಮಕ್ಕಳು, ಪರೀಕ್ಷೆಗೆ ಪಿಚ್ಚರ್ ಮಾಡ್ತವ್ರೆ, ನಮಗೇನೂ ಸಿಗಾಕಿಲ್ಲ” ಎಂಬಂಥ ಮಾತು ಬಂದರೆ ವಿಷಯ ಮುಟ್ಟಿದೆ. “ದುಡ್ಡು ಬೇಗ ಬರ್ಲಿ ಅಂತ” ಅಂದರೆ ಹಳೆಯ ಹಾಳೆಯನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಹೇಳಬೇಕು: ಇದರಿಂದ ಪರಿಹಾರ ಬರುವುದಿಲ್ಲ, ಒಪ್ಪದಿದ್ದರೂ ನಿಮಗೆ ಏನೂ ತಪ್ಪಿಹೋಗುವುದಿಲ್ಲ. ಇಷ್ಟು ಕೇಳಿದ ಮೇಲೆ ಕೆಲವರು ಹಿಂದೆ ಸರಿಯುತ್ತಾರೆ. ಸರಿಯಲಿ ಬಿಡಿ.

ಕಾಲೇಜುಗಳಲ್ಲಿ ಕೈಯಿಂದ ಕೈಗೆ ಬರುವ ಒಪ್ಪಿಗೆ ಪತ್ರಗಳನ್ನು ನೋಡಿದ್ದೇನೆ. ‘ಯಾವುದೇ ಮಾಧ್ಯಮದಲ್ಲಿ, ಯಾವುದೇ ಕಾಲಕ್ಕೆ ಬಳಸಲು ಸಮ್ಮತಿಸುತ್ತೇನೆ’ ಎಂಬ ಒಂದೇ ಸಾಲಿಗೆ ಸಹಿ. ಅದನ್ನು ಮೂರಾಗಿ ಒಡೆಯಿರಿ: ಕಾಲೇಜಿನ ಪರೀಕ್ಷಕರಿಗೆ ತೋರಿಸುವುದು ಒಂದು, ಚಿತ್ರೋತ್ಸವಕ್ಕೆ ಕಳಿಸುವುದು ಇನ್ನೊಂದು, ಯೂಟ್ಯೂಬಿಗೆ ಹಾಕುವುದು ಮತ್ತೊಂದು. ಒಂದೊಂದನ್ನೂ ಓದಿ ಹೇಳಿ, ಬೇರೆ ಬೇರೆ ಉತ್ತರ ಪಡೆಯಿರಿ. ಮೊದಲನೆಯದಕ್ಕೆ ಒಪ್ಪಿ ಕೊನೆಯದಕ್ಕೆ ಬೇಡ ಅನ್ನುವ ಹಕ್ಕು ಅವರಿಗಿದೆ. ಯೂಟ್ಯೂಬಿಗೆ ಹೋದದ್ದು ಊರಿನ ವಾಟ್ಸ್ಆ್ಯಪ್ ಗುಂಪಿಗೂ ಬರುತ್ತದೆ, ನೀವು ಅಳಿಸಿದರೂ ಬೇರೆಯವರ ಫೋನಿನಲ್ಲಿ ಉಳಿಯುತ್ತದೆ ಎಂಬುದನ್ನು ಮುಚ್ಚಿಡಬೇಡಿ. ಓದು ಬಾರದವರಾದರೆ ಇಡೀ ಮಾತುಕತೆಯನ್ನು ಆಡಿಯೊ ಮಾಡಿಕೊಳ್ಳಿ. ಒಪ್ಪಿಗೆ ಪತ್ರದ ಒಂದು ಕನ್ನಡ ಪ್ರತಿಯನ್ನು, ನಿಮ್ಮ ಮತ್ತು ಗೈಡ್ ಫೋನ್ ನಂಬರ್ ಬರೆದು, ಅವರ ಮನೆಯಲ್ಲಿ ಬಿಟ್ಟು ಬನ್ನಿ.

ಈಗ ಮಗಳು. ಪೋಷಕರ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯನ್ನೂ ಬೇರೆಯಾಗಿ ಕೇಳಬೇಕೆಂಬ ಪದ್ಧತಿ ವೈದ್ಯಕೀಯ ಸಂಶೋಧನೆಯಲ್ಲಿ ಬೇರೂರಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ 7ರಿಂದ 12 ವರ್ಷದೊಳಗಿನ ಮಕ್ಕಳಿಂದ ಬಾಯಿಮಾತಿನ ಸಮ್ಮತಿ, ಅದಕ್ಕಿಂತ ದೊಡ್ಡವರಿಂದ ಲಿಖಿತ ಸಮ್ಮತಿ ಪಡೆಯಬೇಕು. ಸಾಕ್ಷ್ಯಚಿತ್ರಕ್ಕೆ ಅದು ಅನ್ವಯಿಸುವ ಕಾನೂನಲ್ಲ, ಆದರೆ ಎರವಲು ತರಲು ಯೋಗ್ಯವಾದ ಅಳತೆಗೋಲು.

ಸಮ್ಮತಿ ಕೇಳುವ ಮೊದಲು ತಾಯಿಯನ್ನು ಒಂದು ಮಾತು ಕೇಳಲೇಬೇಕು. ಅಪ್ಪ ಹೇಗೆ ತೀರಿಕೊಂಡರೆಂದು ಮಗಳಿಗೆ ಏನು ಹೇಳಿದ್ದಾರೆ? ‘ಎದೆನೋವು ಬಂತು’ ಅಂತಲೋ ‘ಕಾಯಿಲೆಯಾಗಿತ್ತು’ ಅಂತಲೋ ಹೇಳಿ ಕಾಪಾಡಿಕೊಂಡಿರುವ ಮನೆಗಳಿವೆ. ಅಂಥ ಮನೆಯಲ್ಲಿ “ಅಪ್ಪ ಯಾಕೆ ಹಂಗ್ ಮಾಡ್ಕೊಂಡ್ರು ಪುಟ್ಟಿ?” ಎಂಬ ಒಂದು ಪ್ರಶ್ನೆ ಸಾಕು, ಸತ್ಯ ತಿಳಿಸಿದವರು ನೀವಾಗುತ್ತೀರಿ. ಸತ್ಯ ಗೊತ್ತಿರುವ ಮಗುವಿಗೂ ‘ಯಾಕೆ’ ಎಂಬ ಪ್ರಶ್ನೆ ಬೇಡ. ಈ ವಯಸ್ಸಿನ ಮಕ್ಕಳು ಸಾವಿಗೆ ತಾವೇ ಕಾರಣ ಎಂದುಕೊಳ್ಳುವುದು ಅಪರೂಪವಲ್ಲ. ಜಾತ್ರೆಯಲ್ಲಿ ಬಳೆಗೆ ಹಟ ಮಾಡಿದ್ದು, ಶಾಲೆಯ ಟೂರಿಗೆ ದುಡ್ಡು ಕೇಳಿದ್ದು ಮನಸ್ಸಿನಲ್ಲಿ ಕೂತಿರುತ್ತದೆ. ನಿಮ್ಮ ಪ್ರಶ್ನೆ ಅದನ್ನು ಕೆದಕಿದರೆ, ನೀವು ಟ್ರೈಪಾಡ್ ಮಡಚಿಕೊಂಡು ಹೋದ ಮೇಲೆ ಆ ರಾತ್ರಿ ಸಂಭಾಳಿಸಬೇಕಾದವರು ತಾಯಿ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಸಾವಿನ ಬಗ್ಗೆ ಆ ಮಗುವನ್ನು ಸಂದರ್ಶಿಸಬೇಡಿ. ಚಿತ್ರದಲ್ಲಿ ಅವಳು ಇರಬಾರದು ಎಂದೇನಿಲ್ಲ. ಬೆಳಿಗ್ಗೆ ಕರುವಿಗೆ ಹುಲ್ಲು ಹಾಕುವುದು, ಡೇರಿಗೆ ಹಾಲಿನ ಕ್ಯಾನು ಒಯ್ಯುವುದು, ಮಗ್ಗಿ ಒಪ್ಪಿಸುವುದು, ಅವಳಿಗೆ ಇಷ್ಟವಿದ್ದರೆ ಅದನ್ನು ಚಿತ್ರಿಸಿ. ಮಾತಾಡಿಸುವುದಾದರೆ ಇವತ್ತಿನ ಸಂಗತಿ ಕೇಳಿ. ಅಪ್ಪನ ಮಾತನ್ನು ಅವಳೇ ಎತ್ತಿದರೆ ಕೇಳಿಸಿಕೊಳ್ಳಿ, ಮುಂದಿನ ಪ್ರಶ್ನೆಯಿಂದ ಅದನ್ನು ಹಿಗ್ಗಿಸಬೇಡಿ. ಮಗುವಿನ ಅಳುವಿನಿಂದ ಚಿತ್ರಕ್ಕೆ ಜೀವ ಬರುತ್ತದೆ ಎನ್ನುವ ಗೈಡ್‌ಗೆ, ತಾಯಿ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ‘ದಿವಂಗತ’ ಎಂದು ಬರೆಯಿಸುವ ಒಂದು ಶಾಟ್ ತೋರಿಸಿ ನೋಡಿ.

ಸಮ್ಮತಿ ಕೇಳುವಾಗ “ಆಯ್ತಾ ಪುಟ್ಟಿ?” ಅಂದರೆ ಮಗು ತಲೆಯಾಡಿಸುತ್ತದೆ, ಅದು ದೊಡ್ಡವರಿಗೆ ಕೊಡುವ ಮರ್ಯಾದೆ ಅಷ್ಟೇ. ಕ್ಯಾಮೆರಾವನ್ನು ಅವಳ ಕೈಗೆ ಕೊಡಿ, ಕೆಂಪು ದೀಪ ತೋರಿಸಿ, ಕೈ ಎತ್ತಿದರೆ ನಿಲ್ಲಿಸುತ್ತೇವೆ ಎಂದು ಹೇಳಿ, ಶುರು ಮಾಡುವ ಮೊದಲೇ ಒಮ್ಮೆ ಕೈ ಎತ್ತಿಸಿ ನಿಜವಾಗಿ ನಿಲ್ಲಿಸಿ ತೋರಿಸಿ. ನಿಲ್ಲಿಸುತ್ತಾರೆ ಎಂದು ಕಣ್ಣಾರೆ ಕಂಡ ಮಗು ಮಾತ್ರ ‘ಬೇಡ’ ಅನ್ನಲು ಧೈರ್ಯ ಮಾಡುತ್ತದೆ. ಉತ್ತರಕ್ಕೆ ಮೊದಲು ಪ್ರತಿ ಸಲ ಅಮ್ಮನ ಮುಖ ನೋಡುವುದು, ಮೇಲಿಂದ ಮೇಲೆ ‘ಗೊತ್ತಿಲ್ಲ’ ಅನ್ನುವುದು, ಲಂಗದ ಅಂಚು ತಿರುಚುತ್ತಾ ಸುಮ್ಮನಾಗುವುದು ಕೂಡ ಕೈ ಎತ್ತಿದಂತೆಯೇ.

ಮುಖ ಮಸುಕು ಮಾಡಿದರೆ ಆಯಿತಲ್ಲ ಎಂಬ ಯೋಚನೆ ಬರಬಹುದು. ಊರಿನ ಹೆಸರು, ಮನೆಯ ಬಾಗಿಲು, ಶಾಲೆಯ ಸಮವಸ್ತ್ರ, ತಾಯಿಯ ಮುಖ ಎಲ್ಲವೂ ಚಿತ್ರದಲ್ಲಿರುವಾಗ ಮಗುವಿನ ಮುಖ ಮಾತ್ರ ಮಸುಕಾದರೆ ಹತ್ತಿರದವರಿಗೆ ಗುರುತು ಹತ್ತದೇ ಇರುತ್ತದೆಯೇ? ಇದರಲ್ಲಿ ಕಾನೂನಿನ ಭಾಗವೂ ಇದೆ. ಸಾಲ ಕೊಟ್ಟವರ ಕಿರುಕುಳದ ಬಗ್ಗೆ ದೂರಾಗಿ, ಆತ್ಮಹತ್ಯೆಗೆ ಪ್ರಚೋದನೆಯ ಪ್ರಕರಣ ದಾಖಲಾಗಿದೆಯೇ ಎಂದು ವಿಚಾರಿಸಿಕೊಳ್ಳಿ. ಮಗು ಅದರಲ್ಲಿ ಸಾಕ್ಷಿಯಾಗಿದ್ದರೆ ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಅವಳ ಹೆಸರು, ವಿಳಾಸ, ಶಾಲೆ, ಫೋಟೊ, ಗುರುತು ಸಿಗುವಂಥ ಯಾವುದನ್ನೂ ಪ್ರಕಟಿಸುವಂತಿಲ್ಲ. ತಪ್ಪಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತಾಯಿಯ ಸಹಿಯಿಂದ ಇದು ಮನ್ನಾ ಆಗುವುದಿಲ್ಲ.

ತಾಯಿಯ ಸಂದರ್ಶನವನ್ನು ಮಗಳು ಶಾಲೆಗೆ ಹೋಗಿರುವ ಹೊತ್ತಿನಲ್ಲಿ ಇಟ್ಟುಕೊಳ್ಳಿ. ಒಳಮನೆಯಲ್ಲಿ ಆಡುತ್ತಿರುವ ಮಗುವಿಗೆ ನಡುಮನೆಯ ಮಾತೆಲ್ಲ ಕೇಳಿಸುತ್ತದೆ. ಹಾಲು ಕರೆಯುವ ಹೊತ್ತು, ತಿಥಿಯ ಆಸುಪಾಸು ಬೇಡ. ಸಣ್ಣ ಮನೆಗೆ ಐದಾರು ಜನ ನುಗ್ಗದೆ ಇಬ್ಬರೇ ಹೋಗಿ. ಆತ್ಮಹತ್ಯೆಯ ವರದಿಗಾರಿಕೆ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಕೊಟ್ಟ ಮಾರ್ಗಸೂಚಿ, ಸಾವಿನ ವಿಧಾನವನ್ನು ಬಣ್ಣಿಸಬಾರದು ಎನ್ನುತ್ತದೆ. ಹಾಗಾಗಿ ಹೇಗೆ, ಎಲ್ಲಿ, ಮೊದಲು ನೋಡಿದವರು ಯಾರು ಎಂಬ ಪ್ರಶ್ನೆಗಳು ಪಟ್ಟಿಯಲ್ಲೇ ಇರಬಾರದು.

ಅಳು ಬಂದೇ ಬರಬಹುದು. ಆಗ ಮಾತು ನಿಲ್ಲಿಸಿ, ಜೂಮ್ ಮಾಡಬೇಡಿ. ‘ಅಳಬೇಡಿ’ ಅಂತಲೂ ಹೇಳಬೇಡಿ, ಅವರ ಮನೆಯಲ್ಲಿ ಅವರು ಅಳುತ್ತಿದ್ದಾರೆ. ಸ್ವಲ್ಪ ಹೊತ್ತು ಬಿಟ್ಟು “ನಿಲ್ಸೋಣ್ವಾ ಅಕ್ಕಾ?” ಎಂದು ಕೇಳಿ. ದೊಡ್ಡವರು “ಇಲ್ಲ, ಹೇಳ್ಬೇಕು ಕಣವ್ವಾ” ಅಂದರೆ ಮುಂದುವರಿಸಬಹುದು, ಆ ತೀರ್ಮಾನ ಅವರದು. ಮಗು ಅತ್ತರೆ ಕೇಳುವುದೇ ಬೇಡ, ಕ್ಯಾಮೆರಾ ಆಫ್. ಮಾತುಕತೆಯನ್ನು ದುಃಖದ ತುದಿಯಲ್ಲಿ ಮುಗಿಸಿ ಎದ್ದು ಬರಬೇಡಿ. ಕೊನೆಯ ಕೆಲವು ಪ್ರಶ್ನೆಗಳು ಹಸು, ಬೆಳೆ, ನಾಳೆಯ ಕೆಲಸದ ಬಗ್ಗೆ ಇರಲಿ. ಆಮೇಲೆ ಕಾಫಿ ಕುಡಿಯುವಷ್ಟು ಹೊತ್ತು ಸುಮ್ಮನೆ ಕೂತಿರಿ, ಮಾರನೇ ದಿನ ಒಂದು ಫೋನ್ ಮಾಡಿ. ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಬದುಕು ಬೇಡ ಎಂಬ ಮಾತು ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ನೀವೇ ಜೊತೆಗಿದ್ದು ಫೋನ್ ಹಚ್ಚಿಕೊಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಎಡಿಟಿಂಗ್ ಮುಗಿಯುವ ಮುನ್ನ ಲ್ಯಾಪ್‌ಟಾಪ್ ಒಯ್ದು ತಾಯಿಗೆ ಚಿತ್ರ ತೋರಿಸಿ. ನನ್ನ ಪ್ರಕಾರ ನಿಜವಾದ ಒಪ್ಪಿಗೆ ಸಿಗುವುದು ಇಲ್ಲಿ, ಯಾಕೆಂದರೆ ಏನಕ್ಕೆ ಒಪ್ಪುತ್ತಿದ್ದೇನೆ ಎಂದು ಅವರಿಗೆ ಕಾಣುವುದು ಈಗಲೇ. ನಾನು ನೋಡಿಕೊಂಡ ಒಂದು ವಿದ್ಯಾರ್ಥಿ ತಂಡದ ಚಿತ್ರದಲ್ಲಿ ಹೀಗೇ ಆಯಿತು. ಗಂಡ ಕುಡಿಯುತ್ತಿದ್ದರು ಎಂದು ಆ ಹೆಣ್ಣುಮಗಳು ಅಳುವಿನ ಮಧ್ಯೆ ಹೇಳಿದ್ದರು, ಕೈಸಾಲ ಕೊಟ್ಟವರ ಹೆಸರನ್ನೂ ಹೇಳಿದ್ದರು. ತಂಡಕ್ಕೆ ಅದೇ ಚಿತ್ರದ ಬೆನ್ನೆಲುಬು. ನೋಡಿದ ಮೇಲೆ ಅವರು ಎರಡನ್ನೂ ತೆಗೆಯಲು ಹೇಳಿದರು. ಪರಿಹಾರದ ಅರ್ಜಿ ಇತ್ಯರ್ಥವಾಗಿರಲಿಲ್ಲ, ಸಾಲ ಕೊಟ್ಟವರು ಅದೇ ಬೀದಿಯವರು, ಜಮೀನಿನ ಖಾತೆ ಇನ್ನೂ ಮಾವನ ಹೆಸರಿನಲ್ಲಿತ್ತು. ಚಿತ್ರೀಕರಣದ ದಿನ ಇದ್ಯಾವುದೂ ಯಾರಿಗೂ ಹೊಳೆದಿರಲಿಲ್ಲ. ತಂಡ ಗೊಣಗುತ್ತಲೇ ತೆಗೆಯಿತು. ಚಿತ್ರ ಮೊದಲಿಗಿಂತ ತೆಳುವಾದದ್ದೂ ನಿಜ.

ಹಿಂದೆ ಸರಿಯಲು ಕೊನೆಯ ದಿನ ಯಾವುದೆಂದು ಚಿತ್ರ ತೋರಿಸಿದ ದಿನವೇ ಹೇಳಿ, ಸಲ್ಲಿಸುವ ತಾರೀಕಿಗೆ ಎರಡು ವಾರ ಮೊದಲಿನ ದಿನ ಇಟ್ಟುಕೊಂಡರೆ ಮತ್ತೆ ಎಡಿಟ್ ಮಾಡಲು ನಿಮಗೂ ಸಮಯ ಸಿಗುತ್ತದೆ. ಅವರು ತೆಗೆಯಲು ಹೇಳಿದ ಭಾಗ ಮೂಲ ಫುಟೇಜ್‌ನಿಂದಲೂ ಹೋಗಬೇಕು, ತಂಡದ ಒಬ್ಬೊಬ್ಬರ ಪೆನ್‌ಡ್ರೈವ್ ಮತ್ತು ಫೋನಿನಲ್ಲಿರುವ ಪ್ರತಿಗಳೂ ಸೇರಿ.