ಒಂದೇ ದಿನ ಕೆಲಸಕ್ಕೆ ಸೇರಿದ ಇಬ್ಬರು, ಎರಡು ಸಂಬಳ

ಸುಮಾ (ಹೆಸರು ಬದಲಿಸಿದೆ) ನನ್ನ ಬಳಿ ಬರುವ ಹೊತ್ತಿಗೆ ಕೆಲಸ ಬಿಡುವ ತೀರ್ಮಾನವನ್ನು ಹೆಚ್ಚೂಕಡಿಮೆ ಮಾಡಿಬಿಟ್ಟಿದ್ದರು. ಹನ್ನೆರಡು ವರ್ಷದ ಹಿಂದೆ ಒಂದೇ ದಿನ, ಒಂದೇ ಹುದ್ದೆಗೆ ಸೇರಿದ್ದ ಸಹೋದ್ಯೋಗಿ ಮಾತಿನ ಮಧ್ಯೆ ತನ್ನ ಸಂಬಳ ಎಷ್ಟೆಂದು ಹೇಳಿದ್ದ. ಸುಮಾ ಅವರದು ಅದಕ್ಕಿಂತ ಕಾಲು ಭಾಗಕ್ಕೂ ಮಿಕ್ಕಿ ಕಡಿಮೆ. ಅಂದಿನಿಂದ ನಿದ್ದೆ ಕೆಟ್ಟಿದೆ, ಮನೆಯಲ್ಲಿ ಸಣ್ಣ ಮಾತಿಗೂ ರೇಗುತ್ತಾರೆ. ಗಂಡ, “ಎರಡು ವರ್ಷ ಮನೇಲಿದ್ದೆಯಲ್ಲ, ಅದಕ್ಕೇ ಅಷ್ಟು” ಎಂದರಂತೆ. ಸಂಬಳಕ್ಕಿಂತ ಈ ಮಾತೇ ಹೆಚ್ಚು ಚುಚ್ಚಿತ್ತು.

“ಹೆಂಗಸು ಅಂತಲೇ ಇಷ್ಟು ಕಡಿಮೆ ಕೊಟ್ಟಿದ್ದಾರೆ ಮೇಡಂ. ಎಲ್ಲ ಕಡೆನೂ ಹೀಗೇ ಅಂತ ಓದಿದೀನಿ” ಎಂದರು.

ಅವರು ಓದಿದ್ದು ಸರಾಸರಿಯ ಅಂತರ. ಎಲ್ಲ ಹೆಂಗಸರ ಸಂಬಳ ಒಂದು ಕಡೆ, ಎಲ್ಲ ಗಂಡಸರ ಸಂಬಳ ಇನ್ನೊಂದು ಕಡೆ ಕೂಡಿಸಿ ಭಾಗಿಸಿದಾಗ ಸಿಗುವ ಸಂಖ್ಯೆ ಅದು. ಅಮೆರಿಕದ 2010ರ ಅಂಕಿಅಂಶವನ್ನು ಅರ್ಥಶಾಸ್ತ್ರಜ್ಞರಾದ ಫ್ರಾನ್ಸೀನ್ ಬ್ಲಾ ಮತ್ತು ಲಾರೆನ್ಸ್ ಕಾನ್ ಬಿಡಿಸಿ ನೋಡಿದ್ದಾರೆ. ಪೂರ್ಣಾವಧಿ ಕೆಲಸದಲ್ಲಿರುವ ಹೆಂಗಸರ ಗಂಟೆಯ ಗಳಿಕೆ ಗಂಡಸರ ಗಳಿಕೆಯ ಶೇ 79ರಷ್ಟಿತ್ತು. ಓದು, ಅನುಭವ, ಉದ್ಯಮ, ಹುದ್ದೆಯ ಬಗೆ ಎಲ್ಲವನ್ನೂ ಸರಿಸಮ ಮಾಡಿ ಹೋಲಿಸಿದರೆ ಅದು ಸುಮಾರು ಶೇ 92ಕ್ಕೆ ಏರುತ್ತದೆ. ಅಂದರೆ ಅಂತರದ ದೊಡ್ಡ ಪಾಲಿಗೆ ಕಾರಣ ಕಾಣುತ್ತದೆ, ಒಂದು ಪಾಲಿಗೆ ಕಾಣುವುದಿಲ್ಲ. ಆದರೆ ಕಾರಣ ಕಂಡ ಮಾತ್ರಕ್ಕೆ ಅದು ನ್ಯಾಯವಾಯಿತು ಎಂದಲ್ಲ. ಗಂಡ ಎಡವಿದ್ದು ಇಲ್ಲಿ. ಪೂರ್ತಿ ಮೊತ್ತವೂ ನೇರ ಮೋಸ ಎಂದು ಸುಮಾ ನಂಬಿದ್ದರು, ಅದೂ ಸರಿಯಿರಲಿಲ್ಲ. ಹೀಗೆ ನಂಬಿಕೊಂಡೇ ಮಾನವ ಸಂಪನ್ಮೂಲ ವಿಭಾಗಕ್ಕೆ ಹೋಗಿದ್ದರೆ ಅಲ್ಲಿನವರು ಎರಡು ವರ್ಷದ ವಿರಾಮ ತೋರಿಸಿ ಬಾಯಿ ಮುಚ್ಚಿಸುತ್ತಿದ್ದರು.

ಹಾಗಾಗಿ ಅವರ ಸಂಬಳದ ಹಳೆಯ ಪತ್ರಗಳನ್ನೆಲ್ಲ ತರಿಸಿ, ಇಬ್ಬರೂ ಕೂತು ಲೆಕ್ಕ ಬಿಡಿಸಿದೆವು. ಗುರುತು ಸಿಗದಿರಲೆಂದು ಅವರ ಮೊದಲ ಸಂಬಳವನ್ನು 100 ಎಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಸಹೋದ್ಯೋಗಿ ಸೇರುವಾಗಲೇ ಕೇಳಿ 106 ಪಡೆದಿದ್ದ. ಸುಮಾ ಕೊಟ್ಟಷ್ಟಕ್ಕೆ ಸಹಿ ಹಾಕಿದ್ದರು. ಇಬ್ಬರಿಗೂ ವರ್ಷಕ್ಕೆ ಶೇ 7 ಏರಿಕೆ. ಆರು ವರ್ಷದ ನಂತರ ಸುಮಾ 150ಕ್ಕೆ ಬಂದಿದ್ದಾಗ ಮಗುವಿಗಾಗಿ ಎರಡು ವರ್ಷ ಕೆಲಸ ಬಿಟ್ಟರು. ಮರಳಿ ಬಂದಾಗ ಸಿಕ್ಕಿದ್ದು ಅದೇ 150. ಈಗ ಅವರದು 197. ಸಹೋದ್ಯೋಗಿ ನಡುವೆ ಗ್ರಾಹಕರ ಖಾತೆ ನೋಡಿಕೊಳ್ಳುವ ಹುದ್ದೆಗೆ ಹೋದ, ಅದಕ್ಕೆ ಶೇ 15 ಹೆಚ್ಚು ಸಂಬಳ. ಅವನದು ಈಗ 275.

ವ್ಯತ್ಯಾಸ 78. ವಿರಾಮವೇ ಇಲ್ಲದಿದ್ದರೆ ಸುಮಾ ಇವತ್ತು 225ರಲ್ಲಿ ಇರುತ್ತಿದ್ದರು, ಹಾಗಾಗಿ ವಿರಾಮದ ಪಾಲು 28. ಸೇರುವಾಗ ಅವರೂ 106 ಕೇಳಿ ಪಡೆದಿದ್ದರೆ 239 ಆಗುತ್ತಿತ್ತು, ಅದರ ಪಾಲು 14. ಉಳಿದ 36 ಹುದ್ದೆಯ ಬಗೆಯಿಂದ ಬಂದದ್ದು. ಯಾವುದನ್ನು ಮೊದಲು ತೆಗೆದು ನೋಡುತ್ತೇವೆ ಎಂಬುದರ ಮೇಲೆ ಈ ಪಾಲುಗಳು ಸ್ವಲ್ಪ ಹಿಂದುಮುಂದಾಗುತ್ತವೆ. ಮಾತುಕತೆಗೆ ಇಷ್ಟು ಸಾಕು.

ವಿರಾಮದ ಆ 28ರ ಮೇಲೆ ನಾವು ಹೆಚ್ಚು ಹೊತ್ತು ಕಳೆದೆವು. ವರ್ಷದ ಶೇ 7 ಏರಿಕೆಯಲ್ಲಿ ಎರಡು ಸಂಗತಿ ಸೇರಿತ್ತು. ಅವರ ಸಂಸ್ಥೆಯ ಪತ್ರದಲ್ಲೇ ಹೇಳಿದಂತೆ ಶೇ 4 ಎಲ್ಲರಿಗೂ ಆಗುವ ವೇತನ ಶ್ರೇಣಿಯ ಪರಿಷ್ಕರಣೆ, ಶೇ 3 ಒಂದು ವರ್ಷದ ಅನುಭವಕ್ಕೆ. ವಿರಾಮದಲ್ಲಿ ಸುಮಾ ಅವರಿಗೆ ತಪ್ಪಿದ್ದು ಅನುಭವ. ಶ್ರೇಣಿ ಮಾತ್ರ ಅವರಿಗಾಗಿ ಕಾದು ನಿಂತಿರಲಿಲ್ಲ, ಎರಡು ಸಲ ಮೇಲೆ ಹೋಗಿತ್ತು. ಆರು ವರ್ಷದ ಅನುಭವ ಇಟ್ಟುಕೊಂಡು ಹೊರಗಿನಿಂದ ಬಂದ ಹೊಸಬರಿಗೆ ಆ ದಿನ 162 ಸಿಗುತ್ತಿತ್ತು. ಅದೇ ಆರು ವರ್ಷದ ಅನುಭವವಿದ್ದ ಸುಮಾ ಅವರಿಗೆ 150. ಆ 12ರ ಕೊರತೆ ನಾಲ್ಕು ವರ್ಷದಲ್ಲಿ 16ಕ್ಕೆ ಬೆಳೆದಿದೆ. 28ರಲ್ಲಿ ಅನುಭವದ ಪಾಲು ಬರೀ 12. ಉಳಿದ 16ಕ್ಕೆ “ವಿರಾಮ” ಎಂಬ ಹೆಸರಿದೆಯೇ ಹೊರತು ಅದು ಹಳೆಯ ದರದಲ್ಲಿ ಮರುನೇಮಕ ಮಾಡಿಕೊಂಡದ್ದರ ಫಲ.

ಇದು ಕಾಣಿಸಿದಾಗ ಸುಮಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹುದ್ದೆಯ ವಿಷಯ ಅವರೇ ತೆಗೆದರು. ಗ್ರಾಹಕರ ಖಾತೆಗೆ ನೀವೂ ಅರ್ಜಿ ಹಾಕಿದ್ದಿರಾ ಎಂದು ಕೇಳಿದೆ. ಬಾಯಿ ಮಾತಲ್ಲಿ ಕೇಳಿದ್ದರಂತೆ. “ಮಗು ಚಿಕ್ಕದು, ಓಡಾಟ ಜಾಸ್ತಿ, ನಿಮಗೆ ಕಷ್ಟ” ಎಂದು ಮೇಲಿನವರು ಅಲ್ಲಿಗೇ ಮುಗಿಸಿದ್ದರು. ಸಹೋದ್ಯೋಗಿಗೂ ಅದೇ ವಯಸ್ಸಿನ ಮಗುವಿತ್ತು. ಡೆನ್ಮಾರ್ಕಿನಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ಹೇಳುವುದೂ ಇದನ್ನೇ: ಮೊದಲ ಮಗುವಿನ ನಂತರ ತಾಯಂದಿರ ಗಳಿಕೆ ದೀರ್ಘಾವಧಿಯಲ್ಲಿ ಸುಮಾರು ಶೇ 20 ಹಿಂದೆ ಬೀಳುತ್ತದೆ, ತಂದೆಯರ ಗಳಿಕೆಯ ಗೆರೆ ಹೆಚ್ಚು ಅಲುಗುವುದಿಲ್ಲ. ಹುದ್ದೆಯ ಬಗೆ ಅಂತರಕ್ಕೆ ಕಾರಣ ಎನ್ನುವಾಗ ಆ ಹುದ್ದೆಗೆ ಯಾರನ್ನು ಕೇಳಲಾಯಿತು, ಯಾರ ಪರವಾಗಿ ಬೇರೆಯವರೇ ಉತ್ತರ ಕೊಟ್ಟರು ಎಂದು ನಾನು ತಪ್ಪದೆ ವಿಚಾರಿಸುತ್ತೇನೆ. ಸರಾಸರಿಯ ಲೆಕ್ಕ ಅಷ್ಟು ಒಳಗೆ ಇಳಿಯುವುದಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಸಹೋದ್ಯೋಗಿಯ ಸಂಬಳದ ಸುದ್ದಿ ಎತ್ತಬೇಡಿ. ಎತ್ತಿದರೆ ಚರ್ಚೆ ಅವನ ಸಾಧನೆಯ ಕಡೆ ಜಾರುತ್ತದೆ, ನಂಬಿ ಹೇಳಿದವನಿಗೂ ತೊಂದರೆ. ಮರುನೇಮಕದ ಪತ್ರ ಮತ್ತು ಆ ವರ್ಷದ ವೇತನ ಶ್ರೇಣಿ ಎರಡನ್ನೇ ಮುಂದಿಟ್ಟು, ಮೂಲವೇತನ 197ರಿಂದ 213ಕ್ಕೆ ಸರಿಪಡಿಸಿ ಎಂದು ಕೇಳಿ. ಖಾತೆಯ ಹುದ್ದೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಆಯ್ಕೆಯ ಮಾನದಂಡ ಏನೆಂದು ಬರವಣಿಗೆಯಲ್ಲೇ ಉತ್ತರ ಕೇಳಿ.

ಕೇಳುವುದೇ ಅವರಿಗೆ ದೊಡ್ಡ ಸಂಕಟ. “ದುರಾಸೆ ಅಂದ್ಕೊಳ್ತಾರೆ” ಎಂಬ ಭಯ. ಇದನ್ನು ಅಂಜುಬುರುಕುತನ ಎಂದು ನಾನು ತಳ್ಳಿಹಾಕಲಿಲ್ಲ. ಹೆಚ್ಚು ಸಂಬಳ ಕೇಳಿದ ಹೆಂಗಸಿನ ಬಗ್ಗೆ, ಹಾಗೆಯೇ ಕೇಳಿದ ಗಂಡಸಿನ ಬಗ್ಗೆ ಮೂಡುವುದಕ್ಕಿಂತ ಹೆಚ್ಚು ಅಸಮಾಧಾನ ಮೂಡುತ್ತದೆ ಎಂದು ಪ್ರಯೋಗಗಳಲ್ಲೇ ಕಂಡಿದೆ. ಇನ್ನೊಂದು ಪ್ರಯೋಗದಲ್ಲಿ, ಸಂಬಳ ಚರ್ಚೆಗೆ ಮುಕ್ತ ಎಂದು ಜಾಹೀರಾತಿನಲ್ಲೇ ಬರೆದಾಗ ಹೆಂಗಸರೂ ಗಂಡಸರಷ್ಟೇ ಕೇಳಿದರು. ಅಡ್ಡಿ ಸ್ವಭಾವದಲ್ಲಿ ಮಾತ್ರ ಇಲ್ಲ, ನಿಯಮ ಮಸುಕಾಗಿರುವುದರಲ್ಲೂ ಇದೆ. ಅದಕ್ಕೇ ಮೊದಲ ವಾಕ್ಯ “ನನಗೆ ಹೆಚ್ಚು ಬೇಕು” ಎಂದಾಗುವ ಬದಲು “ಮರುನೇಮಕದಲ್ಲಿ ಯಾವ ವರ್ಷದ ಶ್ರೇಣಿ ಅನ್ವಯಿಸಿದ್ದೀರಿ?” ಎಂದಿರಲಿ ಎಂದೆ. ಅದನ್ನು ನನ್ನೆದುರೇ ಹೇಳಿ ಅಭ್ಯಾಸ ಮಾಡಿದರು. ಮೊದಲ ಸಲ ವಾಕ್ಯದ ಕೊನೆಗೆ “ಸಾರಿ” ಸೇರಿಸಿದರು, ಅದನ್ನು ತೆಗೆಸಿದೆ. ಆರಂಭದ 14ನ್ನು ಈಗ ಕೇಳಲು ಆಧಾರವಿಲ್ಲ ಎಂದೂ ನೇರವಾಗಿ ಹೇಳಿದೆ. ಬೇರೆ ಸಂಸ್ಥೆಗೆ ಹೋಗುವ ದಿನ ಬಂದರೆ ಅಲ್ಲಿ ಹಳೆಯ ಸಂಬಳದ ಮೇಲೆ ಲೆಕ್ಕ ಶುರು ಮಾಡದೆ ಹುದ್ದೆಯ ಶ್ರೇಣಿಯಿಂದ ಶುರು ಮಾಡಬೇಕು, ಇಲ್ಲದಿದ್ದರೆ ಈ ಕೊರತೆ ಜೊತೆಗೇ ಬರುತ್ತದೆ.

ಸಂಸ್ಥೆ 213ಕ್ಕೆ ಒಪ್ಪಿತು, ಮುಂದಿನ ತಿಂಗಳಿನಿಂದ. ಕಳೆದ ನಾಲ್ಕು ವರ್ಷದ ಬಾಕಿ ಕೊಡಲಿಲ್ಲ. ಗ್ರಾಹಕರ ಖಾತೆಯೊಂದನ್ನು ಇನ್ನೊಬ್ಬರ ಜೊತೆ ಆರು ತಿಂಗಳು ನೋಡಿಕೊಳ್ಳಲು ಕೊಟ್ಟಿದ್ದಾರೆ, ಮಾನದಂಡ ಲಿಖಿತವಾಗಿ ಸಿಕ್ಕಿದೆ. ಗಂಡನನ್ನು ಒಂದು ದಿನ ಕರೆತಂದಿದ್ದರು. ಲೆಕ್ಕದ ಹಾಳೆ ಓದಿದ ಮೇಲೆ ಅವರು ಕೇಳಿದ್ದು, ಸುಮಾ ಊರೂರು ತಿರುಗುವ ವಾರಗಳಲ್ಲಿ ಮಗುವನ್ನು ಶಾಲೆಯಿಂದ ಕರೆತರುವುದು ಹೇಗೆ ಎಂದು. ಅವರ ಕೆಲಸದ ಸಮಯವನ್ನೂ ಮುಂದಿಟ್ಟುಕೊಂಡು ವಾರದ ಪಟ್ಟಿ ಮಾಡಿದೆವು. ಬಾಕಿ ಸಿಗದ ಬಗ್ಗೆ ಸುಮಾ ಅವರಿಗೆ ಸಿಟ್ಟು ಈಗಲೂ ಇದೆ, ಅದನ್ನು ಇಳಿಸಲು ನಾನು ಪ್ರಯತ್ನಿಸಿಲ್ಲ. ರಾಜೀನಾಮೆಯ ಮಾತು ಮಾತ್ರ ಸದ್ಯಕ್ಕೆ ನಿಂತಿದೆ.