ಬ್ರೆಜಿಲ್ ಪೋರ್ಚುಗೀಸೋ, ಪೋರ್ಚುಗಲ್‌ದೋ?

ಪೋರ್ಚುಗೀಸ್ ಆಡುವ ದೇಶಗಳ ಸ್ಪೆಲಿಂಗ್ ಒಂದಾಗಿಸಲು 1990ರಲ್ಲಿ ಒಪ್ಪಂದ ಆಗಿದೆಯಲ್ಲ, ಆದರೂ ಪೋರ್ಚುಗೀಸ್ ಬರಹ ತಿದ್ದುವಾಗ ಬ್ರೆಜಿಲ್, ಪೋರ್ಚುಗಲ್ ಅಂತ ಬೇರೆ ಬೇರೆ ನೋಡಬೇಕಾ?

ನೋಡಲೇಬೇಕು. ಆ ಒಪ್ಪಂದದ ಒಂದು ಮುಖ್ಯ ನಿಯಮವೇ ಉಚ್ಚಾರವನ್ನು ಹಿಡಿದು ಹೋಗುತ್ತದೆ. ಕೆಲವು ಪದಗಳ ನಡುವಿನ ‘ಸಿ’, ‘ಪಿ’ ಅಕ್ಷರಗಳನ್ನು ಬಾಯಲ್ಲಿ ಹೇಳುವುದಾದರೆ ಬರೆಯಬೇಕು, ಹೇಳದಿದ್ದರೆ ಬಿಡಬೇಕು. ಎರಡು ದೇಶದವರ ಉಚ್ಚಾರ ಬೇರೆ, ಹಾಗಾಗಿ ಸ್ಪೆಲಿಂಗೂ ಬೇರೆ.

‘ಸ್ವಾಗತ’ ಎನ್ನುವ ಪದವನ್ನೇ ನೋಡಿ. ಬ್ರೆಜಿಲ್‌ನವರು ‘ರೆಸೆಪ್ಸಾಂವ್’ ಎನ್ನುತ್ತಾರೆ, ‘ಪಿ’ ಉಳಿಯಿತು. ಪೋರ್ಚುಗಲ್‌ನಲ್ಲಿ ‘ರೆಸೆಸಾಂವ್’, ‘ಪಿ’ ಹೋಯಿತು. ಮೊದಲು ಇಬ್ಬರೂ ‘ಪಿ’ ಬರೆಯುತ್ತಿದ್ದರು! ಇಲ್ಲಿ ಒಪ್ಪಂದವೇ ಹೊಸ ವ್ಯತ್ಯಾಸ ತಂದಿತು.

ಸುಮ್ನೆ ಅಕ್ಷರ ತೆಗೆದರೆ ಅರ್ಥವೂ ಕೆಡುತ್ತದೆ. ‘ಸಂಗತಿ’ಗೆ ಪೋರ್ಚುಗಲ್‌ನಲ್ಲಿ ‘ಫಾಕ್ತು’, ಬ್ರೆಜಿಲ್‌ನಲ್ಲಿ ‘ಫಾತು’. ಲಿಸ್ಬನ್ ಓದುಗರಿಗೆ ‘ಫಾತು’ ಅಂದರೆ ಕೋಟು-ಪ್ಯಾಂಟಿನ ಸೂಟು.

ಬರಹ ಯಾವ ಕಡೆಯದು ಅಂತ ತಿಳಿಯಲು ದಿನಬಳಕೆಯ ಪದ ಹುಡುಕಿ. ರೈಲಿಗೆ ‘ಕೊಂಬೋಯು’ ಅಂತಿದ್ದರೆ ಪೋರ್ಚುಗಲ್, ‘ಟ್ರೇಂ’ ಅಂತಿದ್ದರೆ ಬ್ರೆಜಿಲ್. ಎರಡೂ ಬೆರೆತಿದ್ದರೆ ಓದುಗರು ಯಾರು ಅಂತ ಬರೆದವರನ್ನೇ ಕೇಳಿ, ಆಮೇಲೆ ತಿದ್ದಿ.