ನೀಲಿ ಎಂದರೆ ತಾಮ್ರವೇ?

ಪತ್ರ: ಮಾನ್ಯ ಸಂಪಾದಕರೇ, ಬಾಣಬಿರುಸಿನಲ್ಲಿ ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ, ಕಿತ್ತಳೆಗೆ ಕ್ಯಾಲ್ಸಿಯಂ, ನೀಲಿಗೆ ತಾಮ್ರ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಮೊನ್ನೆ ಒಬ್ಬ ಹುಡುಗಿ ತಾಮ್ರದ ಲವಣವಾದ ಮೈಲುತುತ್ತವನ್ನು ಜ್ವಾಲೆಗೆ ಹಿಡಿದಳು. ಜ್ವಾಲೆ ಹಸಿರಾಯಿತು. 'ಪಟ್ಟಿ ತಪ್ಪೋ, ಬೆಂಕಿ ತಪ್ಪೋ?' ಎಂದು ಕೇಳಿದಳು. ಏನು ಹೇಳಲಿ?
— ಒಬ್ಬ ಪ್ರೌಢಶಾಲಾ ಶಿಕ್ಷಕಿ

ಉತ್ತರ: ಬೆಂಕಿ ತಪ್ಪು ಮಾಡುವುದಿಲ್ಲ ಎಂದು ಹೇಳಿ, ಮೇಡಂ. ಪಟ್ಟಿಯನ್ನೂ ಪೂರ್ತಿ ತಳ್ಳಿಹಾಕಬೇಕಿಲ್ಲ. ಮೊದಲ ಸಲ ಕಲಿಯುವವರಿಗೆ ಅದೊಂದು ಊರುಗೋಲು. ಆದರೆ ಅದು ಧಾತುವಿನ ಹೆಸರನ್ನಷ್ಟೇ ಕೊಡುತ್ತದೆ, ಬಣ್ಣ ಕೊಡುವ ಅಣುವಿನ ಹೆಸರನ್ನು ನುಂಗಿಬಿಡುತ್ತದೆ. ನನ್ನ ಸಿಟ್ಟು ಇರುವುದು ಅಲ್ಲಿ.

ಬಾಣಬಿರುಸಿನ ನೀಲಿ ಬರುವುದು ಬರಿಯ ತಾಮ್ರದಿಂದಲ್ಲ. ಜ್ವಾಲೆಯೊಳಗೆ ತಾಮ್ರದ ಒಂದು ಪರಮಾಣುವಿಗೆ ಕ್ಲೋರಿನ್ನಿನ ಒಂದು ಪರಮಾಣು ಜೊತೆಯಾಗಿ, ಆ ಜೋಡಿ ಬಿಸಿಯಾಗಿ ಬೆಳಗಿದಾಗ ನೀಲಿ ಕಾಣುತ್ತದೆ. ಮೈಲುತುತ್ತದಲ್ಲಿ ಕ್ಲೋರಿನ್ ಇಲ್ಲ. ಅಲ್ಲಿ ತಾಮ್ರ ಆಮ್ಲಜನಕ, ಜಲಜನಕಗಳೊಂದಿಗೆ ಕೂಡಿ ಹಸಿರನ್ನು ಕೊಡುತ್ತದೆ. ಅದಕ್ಕೇ ಬಾಣಬಿರುಸು ಮಾಡುವವರು ಕ್ಲೋರಿನ್ ಬಿಟ್ಟುಕೊಡುವ ವಸ್ತುವನ್ನು, ಎಷ್ಟೋ ಸಲ ಪಿ.ವಿ.ಸಿ. ಪುಡಿಯನ್ನೇ, ಮಿಶ್ರಣಕ್ಕೆ ಸೇರಿಸುತ್ತಾರೆ. ಇಷ್ಟಾದರೂ ಕಷ್ಟ ಮುಗಿಯುವುದಿಲ್ಲ. ಬಿಸಿ ಕಡಿಮೆಯಾದರೆ ಬೆಳಕು ಸಾಲದು. ಮಿತಿ ಮೀರಿದರೆ ಆ ಜೋಡಿಯೇ ಒಡೆದು ನೀಲಿ ಮಾಸುತ್ತದೆ. ಆಕಾಶದಲ್ಲಿ ಒಳ್ಳೆಯ ನೀಲಿ ಅಪರೂಪವಾಗಿರುವುದು ಇದರಿಂದ.

ನಾನು ವಿದ್ಯಾರ್ಥಿಯಾಗಿದ್ದಾಗ ಜ್ವಾಲಾ ಪರೀಕ್ಷೆಯಲ್ಲಿ ಯಾವ ಲವಣ ಹಿಡಿದರೂ ಹಳದಿಯೇ ಬರುತ್ತಿತ್ತು. ಪಟ್ಟಿ ನೋಡಿ ಉತ್ತರ ಬರೆದೆ, ಅಂಕವೂ ಬಂತು. ಆ ಹಳದಿ ನನ್ನ ಬೆರಳಿನ ಬೆವರಿನ ಸೋಡಿಯಂ ಎಂದು ತಿಳಿದದ್ದು, ಹಿರಿಯ ಸಹಾಯಕರೊಬ್ಬರು ಪ್ಲಾಟಿನಂ ತಂತಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, ಕಾಯಿಸಿ, ಮತ್ತೆ ಅದ್ದಿ, ಜ್ವಾಲೆಗೆ ಬಣ್ಣವೇ ಬಾರದಷ್ಟು ಶುಚಿ ಮಾಡಿ ತೋರಿಸಿದಾಗ. ಅಷ್ಟರಲ್ಲಿ ಅಂಕಪಟ್ಟಿ ಕೈಸೇರಿ ತಿಂಗಳುಗಳಾಗಿದ್ದವು. ಕಂಡದ್ದನ್ನು ಬರೆದವನಿಗೆ ಸೊನ್ನೆ, ಕಾಣದ್ದನ್ನು ಬರೆದವನಿಗೆ ಪೂರ್ತಿ ಅಂಕ ಎಂಬ ಈ ಪದ್ಧತಿ ಇಂದಿಗೂ ಬದಲಾಗಿಲ್ಲ.

ಇನ್ನು ನಿಮ್ಮ ಪಟ್ಟಿಯ ಕಿತ್ತಳೆ. ಅದನ್ನು ಕ್ಯಾಲ್ಸಿಯಂ ಒಂದೇ ಕೊಡಬಹುದು. ಸ್ಟ್ರಾನ್ಷಿಯಂ ಮತ್ತು ಸೋಡಿಯಂ ಕೂಡಿಯೂ ಕೊಡಬಹುದು. ಕಣ್ಣಿಗೆ ಎರಡೂ ಒಂದೇ, ಏಕೆಂದರೆ ಕಣ್ಣು ಬಂದ ಬೆಳಕನ್ನೆಲ್ಲ ಕಲಸಿ ಒಂದು ಬಣ್ಣ ಮಾಡಿಕೊಳ್ಳುತ್ತದೆ. ಕಲಸಿದ್ದನ್ನು ಬಿಡಿಸಲು ರೋಹಿತ ಬೇಕು, ಅಂದರೆ ಬೆಳಕನ್ನು ಅದರ ಬಿಡಿ ಬಣ್ಣಗಳಾಗಿ ಹರಡಿ ನೋಡಬೇಕು. ಒತ್ತಾಗಿ ಗೆರೆ ಕೊರೆದ ಪಾರದರ್ಶಕ ಗ್ರೇಟಿಂಗ್ ಹಾಳೆಯನ್ನು ಕಣ್ಣಿಗೆ ಹಿಡಿದು ದೂರದ ಬಾಣಬಿರುಸನ್ನು ನೋಡಿ. ಉರಿಯುವ ಪ್ರತಿಯೊಂದು ಚುಕ್ಕಿಯ ಪಕ್ಕದಲ್ಲಿ ಅದರ ಬೆಳಕು ಬಿಚ್ಚಿಕೊಂಡು ಹರಡುತ್ತದೆ. ಸೋಡಿಯಂ ಇದ್ದರೆ 589 ನ್ಯಾನೋಮೀಟರ್ ತರಂಗಾಂತರದ ಬಳಿ ಒಂದೇ ಒಂದು ಚೂಪಾದ ಹಳದಿ ಚುಕ್ಕಿ, ಸ್ಟ್ರಾನ್ಷಿಯಂ ಇದ್ದರೆ ಕೆಂಪಿನಲ್ಲಿ ಅಗಲವಾದ ಪಟ್ಟೆಗಳು. ಕ್ಯಾಲ್ಸಿಯಂ ಆದರೆ ಕಿತ್ತಳೆ-ಕೆಂಪಿನ ಪಟ್ಟೆಯ ಜೊತೆಗೆ, 554ರ ಸುಮಾರಿಗೆ, ಒಂದು ಹಸಿರು ಪಟ್ಟೆ! ಬರಿಗಣ್ಣಿಗೆ ಸುಳಿವೇ ಕೊಡದ ಆ ಹಸಿರೇ ಕ್ಯಾಲ್ಸಿಯಮ್ಮಿನ ಸಹಿ.

ಇದು ಹೊಸ ವಿದ್ಯೆಯೂ ಅಲ್ಲ. ಜರ್ಮನಿಯ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಚಾಫ್ 1860ರಲ್ಲಿ ಖನಿಜಜಲದಿಂದ ಸೀಸಿಯಂ ಎಂಬ ಹೊಸ ಧಾತುವನ್ನು ಕಂಡುಹಿಡಿದದ್ದು ಅದರ ಎರಡು ನೀಲಿ ಗೆರೆಗಳಿಂದ. ದೂರದ ಮಾನ್‌ಹೈಮ್‌ನಲ್ಲಿ ಬೆಂಕಿ ಬಿದ್ದಾಗ ಅವರು ಹೈಡೆಲ್‌ಬರ್ಗ್‌ನ ಕಿಟಕಿಯಿಂದಲೇ ಅದರಲ್ಲಿ ಬೇರಿಯಂ, ಸ್ಟ್ರಾನ್ಷಿಯಂ ಗುರುತಿಸಿದರೆಂದೂ ಹೇಳುತ್ತಾರೆ. ನಮ್ಮ ಪಠ್ಯಗಳು ಅವರ ಹೆಸರನ್ನು ಅಚ್ಚು ಮಾಡಿ, ಅವರ ಕೆಲಸವನ್ನು ಮಾತ್ರ ಮಕ್ಕಳ ಕೈಗೆ ಕೊಡುವುದಿಲ್ಲ.

ರೋಹಿತಕ್ಕೂ ಮಿತಿಯಿದೆ. ಬಂಗಾರದ ಬಣ್ಣದ ಕಿಡಿಗಳು ಇದ್ದಿಲು ಅಥವಾ ಕಬ್ಬಿಣದ ಕಾದ ಕಣಗಳು. ಆ ಬಣ್ಣ ಬರುವುದು ಬರಿಯ ಬಿಸಿಯಿಂದ. ಗ್ರೇಟಿಂಗ್‌ನಲ್ಲಿ ಅವು ಎಡೆಯಿಲ್ಲದ ಕಾಮನಬಿಲ್ಲಾಗಿ ಹರಡುತ್ತವೆ, ಯಾವ ಧಾತುವೆಂದು ಹೇಳುವುದಿಲ್ಲ. ಮೆಗ್ನೀಸಿಯಂ ಹೆಚ್ಚಾದರೆ ಅದರ ಬಿಳಿ ಬೆಳಕೂ ಹೀಗೆಯೇ ಹರಡಿ ಉಳಿದ ಪಟ್ಟೆಗಳನ್ನು ಮಸುಕಾಗಿಸುತ್ತದೆ.

ನೀವು ಪ್ರಶ್ನೆಯನ್ನು ಅದುಮದೆ ನನಗೆ ಬರೆದಿರಲ್ಲ, ಅದಕ್ಕೆ ಕೃತಜ್ಞ. ಬಾಯಿಪಾಠಕ್ಕೆ ಬಳಸಿದ ಹೊತ್ತಿನಲ್ಲಿ ಒಂದಿಷ್ಟನ್ನು ಈಗ ಆ ಹುಡುಗಿಗೆ ಕೊಡಿ. ನಿಮ್ಮ ಎದುರಿನಲ್ಲೇ, ಕಣ್ಣಿಗೆ ರಕ್ಷಣೆ ಹಾಕಿಕೊಂಡು, ತಂತಿಯನ್ನು ಮೈಲುತುತ್ತಕ್ಕೆ ಮುಟ್ಟಿಸುವ ಮೊದಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಲಿ. ಹಸಿರು ಆವರಿಸುವ ಮುನ್ನ ಜ್ವಾಲೆಯ ನಡುವೆ ಕ್ಷಣಕಾಲ ನೀಲಿ ಮಿಂಚೀತು. ಅವಳು ಕಂಡದ್ದನ್ನು ಅವಳ ಮಾತಿನಲ್ಲೇ ಬರೆದು ಕಳುಹಿಸಲಿ, ಪ್ರಕಟಿಸುತ್ತೇನೆ.

— ಸಂಪಾದಕ